ಬಾಹುಗಳು ಹೊಂದುತ್ತವೆಯೇ?



ಅಕ್ಕನ ಮಗಳ ಅಭ್ಯಾಸ ಹಾಳೆಯಲ್ಲಿ ಒಂದು ಲೆಕ್ಕವಿತ್ತು. ಲಂಬಕೋನ ತ್ರಿಭುಜದ ಪಾದ 11, ಲಂಬ 9, ವಿಕರ್ಣ 15 ಸೆಂ.ಮೀ. ಪಾದಕ್ಕೂ ವಿಕರ್ಣಕ್ಕೂ ನಡುವಿನ ಕೋನ ಎಷ್ಟು? ಕ್ಯಾಲ್ಕುಲೇಟರ್ ಹಿಡಿದು ಅವಳು ಟ್ಯಾನ್‌ನಿಂದ 39 ಡಿಗ್ರಿ ತಂದಳು. ಗೆಳತಿಗೆ ಸೈನ್‌ನಿಂದ 37 ಬಂತು. ಕೋಸೈನ್‌ನಿಂದ ಮಾಡಿದರೆ 43! ಯಾರ ದಾರಿಯೂ ತಪ್ಪಲ್ಲ, ಆದರೆ ಅಂಕ ಸಿಗುವುದು ಒಬ್ಬರಿಗೇ.

ನಾನು ಕೋನವನ್ನು ಬಿಟ್ಟು ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದೆ. 81ಕ್ಕೆ 121 ಕೂಡಿಸಿದರೆ 202. ವಿಕರ್ಣದ ವರ್ಗ 225. ಎರಡೂ ಸಮ ಇಲ್ಲ. ಅದೇ ಅಳತೆಯ ಮೂರು ಕಡ್ಡಿ ಜೋಡಿಸಿದರೆ ತ್ರಿಭುಜವೇನೋ ಆಗುತ್ತದೆ, ಆದರೆ ಲಂಬಕೋನ ಇರಬೇಕಾದ ಮೂಲೆ ಸುಮಾರು 97 ಡಿಗ್ರಿಗೆ ಅಗಲವಾಗುತ್ತದೆ. ಗಾರೆ ಕೆಲಸದವರು 3, 4, 5 ಅಡಿ ಹಿಡಿದು ಗೋಡೆಯ ಮೂಲೆ ನೋಡುವುದು ಇದನ್ನೇ.

12ರ ಜಾಗದಲ್ಲಿ 11 ಅಚ್ಚಾಗಿರಬಹುದು. 81ಕ್ಕೆ 144 ಕೂಡಿಸಿದರೆ ಸರಿಯಾಗಿ 225. ಆದರೆ ಅದು ಊಹೆ. ವಿಕರ್ಣವೇ ತಪ್ಪಿರಲೂಬಹುದು. ಯಾವ ಅಳತೆ ತಪ್ಪೆಂದು ಲೆಕ್ಕ ಹೇಳುವುದಿಲ್ಲ.

ಸಣ್ಣ ವ್ಯತ್ಯಾಸ ಕಂಡ ಕೂಡಲೇ ಪ್ರಶ್ನೆಯೇ ತಪ್ಪೆನ್ನಬೇಡಿ. 5, 7, 8.6 ತೆಗೆದುಕೊಳ್ಳಿ. 25 ಮತ್ತು 49 ಸೇರಿ 74, 8.6ರ ವರ್ಗ 73.96. 74ರ ವರ್ಗಮೂಲವನ್ನು ಒಂದು ದಶಮಾಂಶ ಸ್ಥಾನಕ್ಕೆ ಬರೆದರೆ 8.6ೇ ಬರುತ್ತದೆ, ಹಾಗಾಗಿ ಲೆಕ್ಕ ಸರಿ. 202ರ ವರ್ಗಮೂಲ ಸುಮಾರು 14.2. ಅದನ್ನು ಪೂರ್ಣಾಂಕಕ್ಕೆ ತಂದರೆ 14 ಆಗುತ್ತದೆ, 15 ಆಗುವುದಿಲ್ಲ.