ಎಲ್ಲಿಗೆ ಹೋಗುವ ಬಸ್ಸು?



ಬನಶಂಕರಿಯ ಬಸ್ ನಿಲ್ದಾಣದಲ್ಲಿ, ಸಂಜೆಯ ನೂಕುನುಗ್ಗಲಿನ ನಡುವೆ, ಹಿರಿಯರೊಬ್ಬರು ಪಕ್ಕದವರನ್ನು “ಎಲ್ಲಿಗೆ ಹೋಗೋ ಬಸ್ಸು ಬಂತು?” ಎಂದು ಕೇಳುವರು, “ಜಯನಗರಕ್ಕೆ” ಎಂದು ಉತ್ತರ ಬರುವುದು, ಇದರಲ್ಲಿ ವಿಶೇಷವೇನಾದರೂ ಇದೆಯೆಂದು ಇಬ್ಬರಿಗೂ ತೋರದು. ಆದರೆ ‘ಎಲ್ಲಿಗೆ’ ಎಂಬ ಪ್ರಶ್ನಾಪದವು ಇಲ್ಲಿ ‘ಬಸ್ಸು’ ಎಂಬ ನಾಮಪದವನ್ನು ವಿಶೇಷಿಸುವ ಉಪವಾಕ್ಯದೊಳಗೆ ಹುದುಗಿದೆ. ಪ್ರಶ್ನಾಪದವನ್ನು ವಾಕ್ಯದ ಮೊದಲಿಗೆ ತರುವ ಇಂಗ್ಲಿಷಿನಲ್ಲಿ ಇಂಥ ಉಪವಾಕ್ಯದೊಳಗಿಂದ ಅದು ಹೊರಬರಲಾರದು. ಸುತ್ತಲೂ ನೀರಿರುವಂತೆ ಅದು ಸೆರೆಯಾಗುವುದರಿಂದ ವ್ಯಾಕರಣಜ್ಞರು ಆ ಉಪವಾಕ್ಯವನ್ನು ‘ದ್ವೀಪ’ವೆಂದು ಕರೆಯುತ್ತಾರೆ.

ಕನ್ನಡದ ಪ್ರಶ್ನಾಪದ ಇದ್ದಲ್ಲಿಯೇ ಇರುವುದು ಕಿವಿಗೆ ನಿಶ್ಚಿತ. ಅರ್ಥದಲ್ಲಿಯೂ ಅದು ಅಲ್ಲಿಯೇ ಇರುವುದೇ? “ಯಾರು ಬಂದರೆಂದು ಅತ್ತೆ ಕೇಳಿದರು” ಎಂದರೆ ಅದು ಬರಿಯ ವರದಿ, “ಯಾರು ಬರುವರೆಂದು ಅತ್ತೆ ಅಂದುಕೊಂಡಿದ್ದಾರೆ?” ಎಂದರೆ ನಿಮ್ಮಿಂದ ಉತ್ತರವನ್ನು ಬೇಡುವ ಪ್ರಶ್ನೆ. ಎರಡರಲ್ಲಿಯೂ ‘ಯಾರು’ ಒಳವಾಕ್ಯದಲ್ಲಿಯೇ ಇದ್ದರೂ ಅದರ ಅಧಿಕಾರವು ಮೊದಲಿನದರಲ್ಲಿ ಒಳವಾಕ್ಯಕ್ಕೆ ಸೀಮಿತವಾಗಿ, ಎರಡನೆಯದರಲ್ಲಿ ಇಡೀ ವಾಕ್ಯಕ್ಕೆ ವ್ಯಾಪಿಸಿದೆ. ಚೀನೀ ಭಾಷೆಯಲ್ಲಿ ಇದೇ ಬಗೆಯ ಭೇದವನ್ನು ಕಂಡ ಜೇಮ್ಸ್ ಹ್ವಾಂಗ್, ಉಚ್ಚಾರಣೆಗೆ ಕಾಣದ ತಾರ್ಕಿಕ ರೂಪದಲ್ಲಿ ಪದವು ತನ್ನ ಅಧಿಕಾರದ ಅಂಚಿಗೆ ಗುಪ್ತವಾಗಿ ಚಲಿಸುವುದೆಂದು 1982ರ ತಮ್ಮ ಪ್ರಬಂಧದಲ್ಲಿ ವಾದಿಸಿದರು.

ಚಲಿಸುವುದು ನಿಜವಾದರೆ, ದ್ವೀಪವು ಅದನ್ನು ತಡೆಯಬೇಡವೇ? ‘ಎಲ್ಲಿಗೆ’ಯನ್ನು ತಡೆಯಲಿಲ್ಲವೆಂಬುದನ್ನು ನಿಲ್ದಾಣದಲ್ಲಿಯೇ ಕಂಡೆವು. ಈಗ ‘ಯಾಕೆ’ಯನ್ನು ಅದೇ ಸ್ಥಾನದಲ್ಲಿಟ್ಟು ನೋಡೋಣ: “ಬನಶಂಕರಿಯಲ್ಲಿ ಯಾಕೆ ನಿಂತ ಬಸ್ಸು ಈಗ ಹೊರಟಿತು?” ಮೆಲ್ಲನೆ ಮತ್ತೊಮ್ಮೆ ಹೇಳಿಕೊಳ್ಳಿ. “ಟೈರು ಪಂಕ್ಚರ್ ಆಗಿತ್ತು” ಎಂದು, ನಿಂತುದಕ್ಕೆ ಕಾರಣ ಹೇಳುವ ಉತ್ತರ ಈ ಪ್ರಶ್ನೆಗೆ ಒದಗದು. ಮನಸ್ಸು ‘ಯಾಕೆ’ಯನ್ನು ಕಿತ್ತು ‘ಹೊರಟಿತು’ವಿಗೆ ಅಂಟಿಸಲು ಹೆಣಗುತ್ತದೆ, ಅದೂ ಸರಿಹೋಗದೆ ವಾಕ್ಯವೇ ಕುಂಟುತ್ತದೆ. ಗುಪ್ತಚಲನೆಗೆ ದ್ವೀಪವು ತಡೆಯಲ್ಲ, ಆದರೆ ಕ್ರಿಯಾಪದದ ನೇರ ಆಶ್ರಯವಿಲ್ಲದ ‘ಯಾಕೆ’ಯಂಥ ಪದಕ್ಕೆ ಬೇರೊಂದು ಕಟ್ಟಳೆ ಅಡ್ಡಬರುವುದೆಂಬುದು ಹ್ವಾಂಗರ ಸಮಾಧಾನ.

ಚಲನೆಯನ್ನೇ ಒಲ್ಲದವರೂ ಇದ್ದಾರೆ. 1973ರಲ್ಲಿ ಹ್ಯಾಂಬ್ಲಿನ್ ಹಾಕಿಕೊಟ್ಟ ಹಾದಿಯಲ್ಲಿ ನಡೆದವರ ಪ್ರಕಾರ ‘ಎಲ್ಲಿಗೆ’ ಎಂಬುದು ನಿಂತಲ್ಲಿಯೇ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಎಂಬ ವಿಕಲ್ಪಗಳ ಗುಂಪೊಂದನ್ನು ಹುಟ್ಟಿಸುತ್ತದೆ; ಆ ಗುಂಪೇ ಅರ್ಥದ ಮೆಟ್ಟಿಲುಗಳನ್ನೇರಿ ವಾಕ್ಯದ ತುದಿಗೆ ಮುಟ್ಟುತ್ತದೆ. ದ್ವೀಪವನ್ನು ದಾಟುವ ಮಾತು ಇದರಲ್ಲಿ ಸೊಗಸಾಗಿ ಬಗೆಹರಿದರೂ, ‘ಯಾಕೆ’ಯ ವಿಕಲ್ಪಗಳು ಮಾತ್ರ ಮೆಟ್ಟಿಲೇರದೆ ಏಕೆ ನಿಂತವೆಂಬುದಕ್ಕೆ ಇವರೂ ಪ್ರತ್ಯೇಕವಾಗಿ ಲೆಕ್ಕ ಕೊಡಬೇಕು.

ಕಾರಣವನ್ನು ಕೇಳುವುದೇ ದೋಷವೆಂದು ಹೇಳಿಬಿಡೋಣವೆಂದರೆ, “ಬನಶಂಕರಿಯಲ್ಲಿ ಯಾವ ಕಾರಣಕ್ಕೆ ನಿಂತ ಬಸ್ಸು ಈಗ ಹೊರಟಿತು?” ಎಂಬ ವಾಕ್ಯ ನನ್ನ ಕಿವಿಗೆ ಬಹುಮಟ್ಟಿಗೆ ಸಲ್ಲುತ್ತದೆ. ಕೇಳಿದ ಸಂಗತಿ ಅದೇ. ಬದಲಾದುದು ‘ಯಾಕೆ’ಯ ಸ್ಥಾನದಲ್ಲಿ ‘ಕಾರಣ’ವೆಂಬ ನಾಮಪದವೊಂದು ಬಂದು ಕುಳಿತದ್ದು ಮಾತ್ರ.