ವರ್ಷಗಳ ಮೇಲೆ ಬಯಲಾದ ಸುಳ್ಳು: ಹಿನ್ನೆಲೆ ಪರಿಶೀಲನೆ ಮತ್ತು ನೌಕರಿಯಿಂದ ವಜಾ

ನೌಕರಿಗೆ ಸೇರುವಾಗ ಕೊಟ್ಟ ಮಾಹಿತಿ ಸುಳ್ಳೆಂದು ಐದೋ ಹತ್ತೋ ವರ್ಷಗಳ ಮೇಲೆ ಗೊತ್ತಾದರೂ, ಅದೇ ಕಾರಣಕ್ಕೆ ನೌಕರನನ್ನು ವಜಾ ಮಾಡಲು ಭಾರತದ ಕಾನೂನಿನಲ್ಲಿ ಅವಕಾಶವಿದೆ. ಇಷ್ಟು ವರ್ಷ ಚೆನ್ನಾಗಿ ದುಡಿದಿದ್ದೇನೆ, ಬಡ್ತಿಯೂ ಸಿಕ್ಕಿದೆ, ಹಳೆಯ ಕಾಗದವನ್ನು ಈಗೇಕೆ ಕೆದಕಬೇಕು ಎಂಬ ವಾದ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ, ಬಹುಮಟ್ಟಿಗೆ ಸೋತಿದೆ. ನೇಮಕಾತಿಯ ಬುಡದಲ್ಲೇ ಮೋಸವಿದ್ದರೆ ಅದರ ಮೇಲೆ ಕಟ್ಟಿದ ಸೇವೆಗೆ ಆಧಾರವಿಲ್ಲ ಎಂಬುದು ನ್ಯಾಯಾಲಯಗಳ ನಿಲುವು. ಆದರೆ ಕಾಲ ಕಳೆದದ್ದಕ್ಕೆ ಬೆಲೆಯೇ ಇಲ್ಲವೆಂದೂ ಅಲ್ಲ. ಸೇವೆ ಖಾಯಂ ಆದ ಮೇಲೆ ಸುಳ್ಳನ್ನು ಸಾಬೀತುಪಡಿಸುವ ಹೊಣೆ ಮಾಲೀಕನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ.

ಈ ನಿಲುವಿಗೆ ಒಂದು ಗಟ್ಟಿ ನೆಲೆ ಸಿಕ್ಕಿದ್ದು 2003ರ ಕೇಂದ್ರೀಯ ವಿದ್ಯಾಲಯ ಸಂಘಟನೆಯ ಪ್ರಕರಣದಲ್ಲಿ. ದೈಹಿಕ ಶಿಕ್ಷಣ ಶಿಕ್ಷಕರಾಗಿ ಸೇರಿದ ಒಬ್ಬರು ದೃಢೀಕರಣ ನಮೂನೆಯ 12 ಮತ್ತು 13ನೆಯ ಕಲಂಗಳಲ್ಲಿ ತಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ಬಾಕಿಯಿಲ್ಲವೆಂದು ತೋರಿಸಿದ್ದರು. ಪೊಲೀಸ್ ಪರಿಶೀಲನೆಯಲ್ಲಿ ಮೊಕದ್ದಮೆ ಇರುವುದು ತಿಳಿಯಿತು. ಆ ಮೊಕದ್ದಮೆಯನ್ನು ಸರ್ಕಾರ ಆಮೇಲೆ ಹಿಂತೆಗೆದುಕೊಂಡಿತು. ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಎಂದು ಶಿಕ್ಷಕರು ವಾದಿಸಿದರು. ಬಿ.ಎ., ಬಿ.ಎಡ್., ಎಂ.ಎಡ್. ಓದಿದವರಿಗೆ ಆ ಕಲಂ ಅರ್ಥವಾಗಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೊಕದ್ದಮೆ ದೊಡ್ಡದೇ ಚಿಕ್ಕದೇ, ಕೊನೆಗೆ ಏನಾಯಿತು ಎನ್ನುವುದಕ್ಕಿಂತ, ಕೇಳಿದಾಗ ಮುಚ್ಚಿಟ್ಟರೇ ಎಂಬುದೇ ಅಲ್ಲಿ ತೂಕದ ವಿಷಯವಾಯಿತು. ಅವರು ಇನ್ನೂ ಪ್ರೊಬೇಷನ್ ಅವಧಿಯಲ್ಲಿದ್ದರು ಎಂಬುದನ್ನೂ ಗಮನಿಸಬೇಕು.

ಮುಂದಿನ ವರ್ಷಗಳಲ್ಲಿ ಇದೇ ಬಗೆಯ ಪ್ರಕರಣಗಳಲ್ಲಿ ಒಂದು ಪೀಠ ಕಟುವಾಗಿ, ಇನ್ನೊಂದು ಪೀಠ ಮೃದುವಾಗಿ ತೀರ್ಪು ಕೊಡುತ್ತಾ ಹೋದವು. ಆ ಗೊಂದಲವನ್ನು ತಿಳಿಯಾಗಿಸಲು ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮಾರ್ಗಸೂಚಿಗಳನ್ನು ಹಾಕಿಕೊಟ್ಟಿತು. ಇಂದಿಗೂ ಸರ್ಕಾರಿ ನೌಕರಿಯ ವಿವಾದಗಳನ್ನು ಅಳೆಯುವುದು ಅದೇ ಅಳತೆಗೋಲಿನಿಂದ. ಅದರ ಸಾರವನ್ನು ಮೂರು ಪ್ರಶ್ನೆಗಳಾಗಿ ಹೇಳಬಹುದು. ಮಾಲೀಕ ಆ ಮಾಹಿತಿಯನ್ನು ಸ್ಪಷ್ಟವಾಗಿ ಕೇಳಿದ್ದನೇ? ಉತ್ತರ ಸುಳ್ಳೆಂದು ಅಭ್ಯರ್ಥಿಗೆ ಆಗ ಗೊತ್ತಿತ್ತೇ? ಆ ಸುಳ್ಳು ಹುದ್ದೆಗೆ ಸಂಬಂಧಪಟ್ಟ, ತೂಕವುಳ್ಳ ಸುಳ್ಳೇ?

ಕೇಳದೆ ಇದ್ದುದನ್ನು ಹೇಳಲಿಲ್ಲವೆಂದು ಯಾರನ್ನೂ ಶಿಕ್ಷಿಸುವಂತಿಲ್ಲ. ನಮೂನೆಯ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಅದರ ಲಾಭ ಅಭ್ಯರ್ಥಿಗೇ. ತನ್ನ ಮೇಲೆ ಎಫ್‌ಐಆರ್ ದಾಖಲಾಗಿರುವುದೇ ತಿಳಿಯದವನು ‘ಇಲ್ಲ’ ಎಂದು ಬರೆದಿದ್ದರೆ ಅದನ್ನು ಮುಚ್ಚಿಟ್ಟನೆಂದು ಹೇಳಲಾಗದು. ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಬರೆಯದೆ ಬಿಟ್ಟಿದ್ದರೆ ಮಾಲೀಕ ವಿವೇಚನೆ ಬಳಸಿ ಮನ್ನಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಸೂಚನೆ ಇನ್ನೊಂದಿದೆ: ನೌಕರ ಖಾಯಂ ಆಗಿದ್ದರೆ, ಮಾಹಿತಿ ಮುಚ್ಚಿಟ್ಟ ಅಥವಾ ಸುಳ್ಳು ಹೇಳಿದ ಕಾರಣಕ್ಕೆ ತೆಗೆದುಹಾಕುವ ಮುನ್ನ ಇಲಾಖಾ ವಿಚಾರಣೆ ನಡೆಸಲೇಬೇಕು. ವರ್ಷಗಳ ಸೇವೆ ನೌಕರನಿಗೆ ಗಳಿಸಿಕೊಡುವ ರಕ್ಷಣೆ ಇದು. ಸುಳ್ಳಿಗೆ ಕ್ಷಮೆಯಲ್ಲ, ತನ್ನ ಮಾತು ಹೇಳಿಕೊಳ್ಳುವ ಹಕ್ಕು. 2022ರಲ್ಲಿ ರೈಲ್ವೆ ರಕ್ಷಣಾ ದಳದ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಲ್ಲಿ, ಮಾಹಿತಿ ಮುಚ್ಚಿಟ್ಟರೆಂಬ ಒಂದೇ ಮಾತಿನ ಮೇಲೆ ಮನಬಂದಂತೆ ತೆಗೆದುಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೆನಪಿಸಿ ಅವರಿಗೆ ಪರಿಹಾರ ಕೊಟ್ಟಿತು.

ಎರಡನೆಯ ಪ್ರಶ್ನೆ, ಅಂದರೆ ಗೊತ್ತಿದ್ದೂ ಹೇಳಿದ ಸುಳ್ಳೇ ಎಂಬುದು, ಜಾತಿ ಪ್ರಮಾಣಪತ್ರಗಳ ವಿಚಾರದಲ್ಲಿ ಎದ್ದು ಕಾಣುತ್ತದೆ. ಪರಿಶಿಷ್ಟ ಜಾತಿಯ ಸುಳ್ಳು ಪ್ರಮಾಣಪತ್ರದಿಂದ ನೇಮಕಗೊಂಡ ಕೇರಳದ ಪೊಲೀಸ್ ಅಧಿಕಾರಿಯೊಬ್ಬರು 27 ವರ್ಷ ಸೇವೆ ಸಲ್ಲಿಸಿದ್ದರು. ಅಂಥ ನೇಮಕಾತಿ ಮೂಲದಲ್ಲೇ ಅಸಿಂಧು, ಆದ್ದರಿಂದ ಸಂವಿಧಾನದ 311ನೆಯ ವಿಧಿಯ ರಕ್ಷಣೆಯೂ ಇಲ್ಲ, ಪಿಂಚಣಿಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಜಾತಿ ಪರಿಶೀಲನಾ ಸಮಿತಿ ಅದಕ್ಕೆ ಮೊದಲೇ ವಿಚಾರಣೆ ನಡೆಸಿ ಪ್ರಮಾಣಪತ್ರವನ್ನು ತಳ್ಳಿಹಾಕಿತ್ತು. ಒಬ್ಬ ಅರ್ಹನಿಗೆ ಸಲ್ಲಬೇಕಾದ ಮೀಸಲು ಹುದ್ದೆಯನ್ನು ಕಸಿದುಕೊಂಡ ಸುಳ್ಳು ಅದು. ಕಾಲ ಕಳೆದಷ್ಟೂ ಆ ನಷ್ಟ ಬೆಳೆಯಿತೇ ಹೊರತು ಕರಗಲಿಲ್ಲ. ಕರ್ನಾಟಕದ ಕಥೆ ಬೇರೆ. ಇಲ್ಲಿ ಕೆಲವು ಸಮುದಾಯಗಳವರಿಗೆ ರಾಜ್ಯ ಸರ್ಕಾರದ ಸುತ್ತೋಲೆಗಳ ಆಧಾರದ ಮೇಲೆ ಅಧಿಕಾರಿಗಳೇ ಪ್ರಮಾಣಪತ್ರ ಕೊಟ್ಟಿದ್ದರು. ಪರಿಶಿಷ್ಟರ ಪಟ್ಟಿಗೆ ಸೇರಿಸುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಇತ್ಯರ್ಥವಾದ ಮೇಲೆ ಆ ಪ್ರಮಾಣಪತ್ರಗಳು ಬಿದ್ದುಹೋದವು. ಅವುಗಳ ಬಲದಿಂದ ಸೇರಿದ್ದ ಬ್ಯಾಂಕ್ ನೌಕರರಿಗೆ ನೋಟಿಸು ಬಂತು. 2024ರ ಆಗಸ್ಟ್‌ನಲ್ಲಿ ಕೆನರಾ ಬ್ಯಾಂಕ್ ಮುಂತಾದ ಸಂಸ್ಥೆಗಳ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ನೌಕರಿಯನ್ನು ಉಳಿಸಿತು. ಮಾಹಿತಿ ತಪ್ಪಾಗಿತ್ತು ನಿಜ, ಆದರೆ ಅವರು ಸುಳ್ಳು ಹೇಳಿರಲಿಲ್ಲ.

ಖಾಸಗಿ ಕಂಪನಿಗಳಲ್ಲಿ ಸಂವಿಧಾನದ ರಕ್ಷಣೆ ನೇರವಾಗಿ ಅನ್ವಯಿಸದು. ಅಲ್ಲಿ ನಡೆಯುವುದು ನೇಮಕಾತಿ ಪತ್ರದ ಷರತ್ತು, ಕರಾರು ಕಾಯ್ದೆ ಮತ್ತು ರಾಜ್ಯದ ಕಾರ್ಮಿಕ ಕಾನೂನು. ‘ಕೊಟ್ಟ ಮಾಹಿತಿ ಯಾವಾಗ ಸುಳ್ಳೆಂದು ಕಂಡುಬಂದರೂ ಸೇವೆಯಿಂದ ತೆಗೆಯಬಹುದು’ ಎಂಬ ಸಾಲು ಬಹುತೇಕ ಎಲ್ಲ ನೇಮಕಾತಿ ಪತ್ರಗಳಲ್ಲೂ ಇರುತ್ತದೆ. ‘ಸೇರುವಾಗಲೇ ಪರಿಶೀಲಿಸಬಹುದಿತ್ತಲ್ಲ’ ಎಂಬ ಆಕ್ಷೇಪಕ್ಕೆ 1872ರ ಭಾರತೀಯ ಕರಾರು ಕಾಯ್ದೆಯ 19ನೆಯ ಕಲಂನಲ್ಲೇ ಉತ್ತರವಿದೆ. ಸಾಧಾರಣ ಎಚ್ಚರಿಕೆಯಿಂದ ಸತ್ಯ ತಿಳಿಯಬಹುದಾಗಿದ್ದವನು ಕರಾರು ರದ್ದು ಮಾಡಲಾಗದು ಎಂಬ ವಿನಾಯಿತಿ ಅಲ್ಲಿದೆ. ಆದರೆ ಅದು ತಪ್ಪು ನಿರೂಪಣೆಗೆ ಮತ್ತು ಮೋಸದ ಮೌನಕ್ಕೆ ಮಾತ್ರ. ಖೋಟಾ ಕಾಗದ ತೋರಿಸಿ ಮೋಸ ಮಾಡಿದವನು ‘ನೀವು ಹಿಡಿಯಬಹುದಿತ್ತು’ ಎನ್ನುವಂತಿಲ್ಲ. ಹಾಗೆಯೇ ಮಾಲೀಕನಿಗೂ ಒಂದು ಮಿತಿಯಿದೆ. ಸುಳ್ಳು ಗೊತ್ತಾದ ಮೇಲೂ ಸುಮ್ಮನಿದ್ದು, ಸಂಬಳ ಏರಿಸಿ, ಎರಡು ವರ್ಷದ ನಂತರ ಜನ ಕಡಿಮೆ ಮಾಡುವ ಹೊತ್ತಿಗೆ ಆ ಕಡತ ತೆಗೆದರೆ, ತಿಳಿದೂ ಒಪ್ಪಿಕೊಂಡಂತಾಗುತ್ತದೆ. ವಿಳಂಬದ ಎಣಿಕೆ ಶುರುವಾಗುವುದು ಸುಳ್ಳು ಹೇಳಿದ ದಿನದಿಂದಲ್ಲ, ಅದು ಮಾಲೀಕನ ಗಮನಕ್ಕೆ ಬಂದ ದಿನದಿಂದ.

ಬೆಂಗಳೂರಿನ ಕಂಪನಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಸಾಫ್ಟ್‌ವೇರ್ ಟೆಸ್ಟಿಂಗ್ ಹುದ್ದೆಗೆ ಕನಿಷ್ಠ ನಾಲ್ಕು ವರ್ಷದ ಅನುಭವ ಬೇಕೆಂದು ಪ್ರಕಟಣೆಯಿದೆ. ಒಬ್ಬ ಅಭ್ಯರ್ಥಿ 2015ರ ಮಾರ್ಚ್‌ನಿಂದ 2019ರ ಏಪ್ರಿಲ್‌ವರೆಗೆ ದುಡಿದ ಅನುಭವ ಪತ್ರ ಕೊಟ್ಟು ಸೇರುತ್ತಾನೆ. 2024ರಲ್ಲಿ ಕಂಪನಿಯ ಗ್ರಾಹಕ ಬ್ಯಾಂಕೊಂದು ತನ್ನ ಕೆಲಸದಲ್ಲಿರುವ ಎಲ್ಲರ ಬಿಜಿವಿ, ಅಂದರೆ ಹಿನ್ನೆಲೆ ಪರಿಶೀಲನೆ, ಮತ್ತೆ ಆಗಬೇಕೆನ್ನುತ್ತದೆ. ಪರಿಶೀಲನಾ ಏಜೆನ್ಸಿ ಭವಿಷ್ಯ ನಿಧಿಯ ಯುಎಎನ್ ದಾಖಲೆ ತೆಗೆದು ನೋಡಿದಾಗ ಹಿಂದಿನ ಕಂಪನಿಗೆ ಸೇರಿದ ದಿನಾಂಕ 2016ರ ಡಿಸೆಂಬರ್ ಎಂದಿರುತ್ತದೆ. ನಾಲ್ಕು ವರ್ಷ ಎರಡು ತಿಂಗಳೆಂದು ತೋರಿಸಿದ ಅನುಭವ ಎರಡು ವರ್ಷ ಐದು ತಿಂಗಳಿಗೆ ಇಳಿಯುತ್ತದೆ. ವರದಿಗೆ ‘ರೆಡ್’ ಎಂಬ ಗುರುತು ಬೀಳುತ್ತದೆ.

ಹೆಚ್ಚಿನ ತಪ್ಪುಗಳಾಗುವುದು ಈ ಹಂತದಲ್ಲೇ. ಯುಎಎನ್ ದಾಖಲೆ ಸುಳಿವು, ಸಾಕ್ಷ್ಯದ ಕೊನೆಯ ಮಾತಲ್ಲ. ಮೊದಲ ತಿಂಗಳುಗಳಲ್ಲಿ ಅವನು ಗುತ್ತಿಗೆದಾರನ ಸಂಬಳ ಪಟ್ಟಿಯಲ್ಲಿದ್ದಿರಬಹುದು. ಕಂಪನಿಯಲ್ಲಿ ಇಪ್ಪತ್ತು ಜನ ಆಗುವವರೆಗೆ ಭವಿಷ್ಯ ನಿಧಿ ಕಾಯ್ದೆ ಅನ್ವಯಿಸದೆ ಇದ್ದಿರಬಹುದು. ಮೊದಲ ಸಂಬಳವೇ ₹15,000 ಮೀರಿದ್ದರಿಂದ ನಿಧಿಯ ಹೊರಗಿಟ್ಟಿರಬಹುದು. ಸುಳ್ಳೇ ಅಲ್ಲವೇ ಎಂದು ತಿಳಿಯಲು ಬೇಕಾದ ದಾಖಲೆಗಳು ಬೇರೆ ಇವೆ: ಹಿಂದಿನ ಕಂಪನಿ ಲಿಖಿತವಾಗಿ ದೃಢೀಕರಿಸಿದ ಸೇರ್ಪಡೆ ದಿನಾಂಕ, ಆ ತಿಂಗಳುಗಳ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಫಾರಂ 16. ಮಾರ್ಚ್ 2015ರಿಂದ ಪ್ರತಿ ತಿಂಗಳೂ ಸಂಬಳ ಬಿದ್ದಿದ್ದರೆ ‘ರೆಡ್’ ಗುರುತೇ ತಪ್ಪು. ಅದರ ಬದಲು ಹಿಂದಿನ ಕಂಪನಿ ‘ಈ ಅನುಭವ ಪತ್ರ ನಾವು ಕೊಟ್ಟದ್ದಲ್ಲ’ ಎಂದು ಬರೆದುಕೊಟ್ಟರೆ ವಿಷಯ ದಿನಾಂಕದ ತಪ್ಪನ್ನು ದಾಟಿ ಖೋಟಾ ದಾಖಲೆಗೆ ಮುಟ್ಟುತ್ತದೆ.

ಆಗ ಕಂಪನಿ ಹಿಡಿಯಬೇಕಾದ ದಾರಿ ಸ್ಪಷ್ಟವಾಗಿದೆ. ಕಾರಣ ಕೇಳುವ ನೋಟಿಸಿನಲ್ಲಿ ಯಾವ ದಾಖಲೆ, ಯಾವ ದಿನಾಂಕ, ಏನು ವ್ಯತ್ಯಾಸ ಎಂದು ನಮೂದಿಸಿ, ಆಧಾರದ ಪ್ರತಿಗಳನ್ನು ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ದೋಷಾರೋಪ ಪಟ್ಟಿ, ವಿಚಾರಣಾಧಿಕಾರಿಯ ನೇಮಕ. ಅಲ್ಲಿ ಏಜೆನ್ಸಿಯ ವರದಿಯನ್ನು ಮುಂದಿಟ್ಟು ಕೈ ತೊಳೆದುಕೊಂಡರೆ ಸಾಲದು. ಹಿಂದಿನ ಕಂಪನಿಯ ಪತ್ರ ಬರಬೇಕು, ಅದನ್ನು ಪಡೆದವರು ಹೇಳಿಕೆ ಕೊಡಬೇಕು, ನೌಕರನಿಗೆ ಪಾಟೀಸವಾಲಿನ ಅವಕಾಶ ಸಿಗಬೇಕು. ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದೇ ಸಾಕು. ವಿಚಾರಣಾ ವರದಿಯ ಪ್ರತಿ ಕೊಟ್ಟು, ಅದರ ಮೇಲೆ ನೌಕರನ ಮಾತು ಕೇಳಿ, ಆಮೇಲೆ ಆದೇಶ. ಆ ಆದೇಶದಲ್ಲಿ ಮೂರನೆಯ ಪ್ರಶ್ನೆಗೂ ಉತ್ತರವಿರಬೇಕು: ನಾಲ್ಕು ವರ್ಷದ ಅನುಭವ ಅರ್ಹತೆಯೇ ಆಗಿದ್ದಲ್ಲಿ ಸುಳ್ಳು ಹೇಳದಿದ್ದರೆ ಅವನು ಆಯ್ಕೆಯಾಗುತ್ತಲೇ ಇರಲಿಲ್ಲ. ಒಂದು ತಿಂಗಳ ಅಂತರವನ್ನು ಮುಚ್ಚಲು ದಿನಾಂಕ ಹಿಗ್ಗಿಸಿದವನಿಗೂ ಇವನಿಗೂ ಒಂದೇ ಶಿಕ್ಷೆ ಸಲ್ಲದು.

ಇಷ್ಟೆಲ್ಲ ಏಕೆಂದು ಕೆಲವು ಕಂಪನಿಗಳು ಎಚ್‌ಆರ್ ಕೋಣೆಗೆ ಕರೆದು, ಇವತ್ತೇ ರಾಜೀನಾಮೆ ಬರೆದುಕೊಡು ಎನ್ನುವುದುಂಟು. ಇದು ಅನ್ಯಾಯದ ರೂಢಿ. ನಿಜವಾಗಿ ಮೋಸ ಮಾಡಿದವನು ಕಳಂಕವಿಲ್ಲದೆ ಇನ್ನೊಂದು ಕಡೆ ಸೇರುತ್ತಾನೆ. ದಾಖಲೆಯ ದೋಷಕ್ಕೆ ಸಿಕ್ಕಿಬಿದ್ದ ಪ್ರಾಮಾಣಿಕನು ಬಾಯಿ ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೆಯ ಕಲಂ ಪ್ರಕಾರ, ಆರು ತಿಂಗಳಿಗೆ ಕಡಿಮೆಯಿಲ್ಲದ ಸೇವೆಯಾದ ನೌಕರನನ್ನು ತೆಗೆಯಲು ಸಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಬೇಕು. ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯದಿಂದ ದುರ್ನಡತೆ ಸಾಬೀತಾದರೆ ಮಾತ್ರ ಆ ನೋಟಿಸು ಬೇಕಿಲ್ಲ. ಆದೇಶದ ವಿರುದ್ಧ ಮೇಲ್ಮನವಿಗೂ ಅದರಲ್ಲೇ ಅವಕಾಶವಿದೆ.

ವಜಾ ಆದವನ ಹಣದ ಲೆಕ್ಕ ಬೇರೆಯದೇ ವಿಷಯ. 2025ರವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ 4(6)ನೆಯ ಕಲಂ ಕೆಳಗೆ, ನೈತಿಕ ಅಧಃಪತನದ ಕೃತ್ಯಕ್ಕಾಗಿ ವಜಾ ಆದರೆ ಗ್ರಾಚ್ಯುಟಿಯನ್ನು ಪೂರ್ತಿಯಾಗಿ ಅಥವಾ ಭಾಗಶಃ ಮುಟ್ಟುಗೋಲು ಹಾಕಬಹುದಿತ್ತು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕ್ರಿಮಿನಲ್ ಶಿಕ್ಷೆಯಾಗಿರಬೇಕಿಲ್ಲ ಎಂದಿತು. ಹುಟ್ಟಿದ ದಿನಾಂಕದ ಸುಳ್ಳು ಪ್ರಮಾಣಪತ್ರದಿಂದ ನೌಕರಿ ಹಿಡಿದಿದ್ದವನ ಗ್ರಾಚ್ಯುಟಿ ಪೂರ್ತಿ ಹೋಯಿತು. ಅದೇ ತೀರ್ಪಿನಲ್ಲಿ ಟಿಕೆಟ್ ಹಣ ದುರುಪಯೋಗ ಮಾಡಿದ ಬಸ್ ಕಂಡಕ್ಟರುಗಳ ಮುಟ್ಟುಗೋಲನ್ನು ಶೇ. 25ಕ್ಕೆ ಇಳಿಸಲಾಯಿತು. ಮುಟ್ಟುಗೋಲು ತಾನಾಗಿಯೇ ಆಗುವುದಿಲ್ಲ. ಅದಕ್ಕೂ ನೌಕರನ ಮಾತು ಕೇಳಿ ಹೊರಡಿಸಿದ ಆದೇಶ ಬೇಕು. ಭವಿಷ್ಯ ನಿಧಿಯಲ್ಲಿ ಜಮೆಯಾದ ಹಣ ಮಾತ್ರ ನೌಕರನದೇ. ಯಾವ ಕಾರಣಕ್ಕೆ ವಜಾ ಆದರೂ ಅದನ್ನು ಮಾಲೀಕ ಹಿಡಿದಿಡುವಂತಿಲ್ಲ.