ಸೂತ್ರ ಅಳಿದ ಮೇಲೆ ಉಳಿಯುವ ಅಂಕಿ



2010ರ ಮೇ ತಿಂಗಳಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಹೆಸರು ‘ಗ್ರೋತ್ ಇನ್ ಎ ಟೈಮ್ ಆಫ್ ಡೆಟ್’. ಬರೆದವರು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್. ಎರಡನೆಯ ಮಹಾಯುದ್ಧದ ನಂತರದ ಇಪ್ಪತ್ತು ಮುಂದುವರಿದ ದೇಶಗಳ ಲೆಕ್ಕವನ್ನು ಅವರು ತೆಗೆದುಕೊಂಡಿದ್ದರು. ಸರ್ಕಾರದ ಸಾಲವು ಒಟ್ಟು ದೇಶೀಯ ಉತ್ಪನ್ನದ ಶೇ 90ನ್ನು ಮೀರಿದ ವರ್ಷಗಳಲ್ಲಿ ಆ ದೇಶಗಳ ಸರಾಸರಿ ಬೆಳವಣಿಗೆ ಶೇ −0.1 ಎಂದು ಪ್ರಬಂಧ ಹೇಳಿತು. ಈ ಅಂಕಿ ಬಹುಬೇಗ ವಿದ್ವತ್ತಿನ ಅಂಗಳವನ್ನು ದಾಟಿತು. ಅಮೆರಿಕದಲ್ಲಿ ಪಾಲ್ ರಯಾನ್ ಮಂಡಿಸಿದ ಬಜೆಟ್ ಪ್ರಸ್ತಾವದಲ್ಲಿ ಈ ಪ್ರಬಂಧದ ಉಲ್ಲೇಖ ಬಂದಿತು. ಯುರೋಪಿನಲ್ಲಿ ವೆಚ್ಚ ಕಡಿತವನ್ನು ಸಮರ್ಥಿಸುವವರು ಶೇ 90ರ ಗೆರೆಯನ್ನು ಮತ್ತೆ ಮತ್ತೆ ತೋರಿಸಿದರು.

ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ತರಗತಿಯ ಅಭ್ಯಾಸವಾಗಿ ಈ ಲೆಕ್ಕವನ್ನು ಮರಳಿ ಮಾಡಲು ಕುಳಿತರು. ಸಾರ್ವಜನಿಕವಾಗಿ ಲಭ್ಯವಿದ್ದ ದತ್ತಾಂಶದಿಂದ ಎಷ್ಟು ಪ್ರಯತ್ನಿಸಿದರೂ −0.1 ಬರಲಿಲ್ಲ. ಕೊನೆಗೆ ಮೂಲ ಲೇಖಕರನ್ನೇ ಕೇಳಿದಾಗ ಅವರು ತಾವು ಬಳಸಿದ ಸ್ಪ್ರೆಡ್‌ಶೀಟನ್ನು ಕಳುಹಿಸಿಕೊಟ್ಟರು. ಅದರಲ್ಲಿ ಸೂತ್ರಗಳು ಉಳಿದಿದ್ದವು. 2013ರ ಏಪ್ರಿಲ್‌ನಲ್ಲಿ ಹರ್ನ್‌ಡನ್ ಮತ್ತು ಅವರ ಅಧ್ಯಾಪಕರಾದ ಮೈಕಲ್ ಆ್ಯಶ್, ರಾಬರ್ಟ್ ಪೊಲಿನ್ ತಮ್ಮ ವಿಮರ್ಶೆಯನ್ನು ಹೊರತಂದರು.

ಈ ಕಥೆ ಹಲವರಿಗೆ ಗೊತ್ತಿದೆ. ಆದರೆ ಅದರೊಳಗಿನ ಒಂದು ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಕಡತದಲ್ಲಿ ಸೂತ್ರಗಳಿಲ್ಲದೆ ಅಂಕಿಗಳು ಮಾತ್ರ ಇದ್ದಿದ್ದರೆ ಏನು ತಿಳಿಯುತ್ತಿತ್ತು, ಏನು ತಿಳಿಯುತ್ತಿರಲಿಲ್ಲ?

ಮೊದಲಿಗೆ ಕಡತದ ಒಳಗನ್ನು ನೋಡಬೇಕು. ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಲೆಕ್ಕವಿದ್ದರೆ ಕಡತವು ಎರಡು ಸಂಗತಿಗಳನ್ನು ಕಾಪಾಡುತ್ತದೆ: ಸೂತ್ರ, ಮತ್ತು ಆ ಸೂತ್ರ ಕೊನೆಯ ಸಲ ನೀಡಿದ ಉತ್ತರ. ಯಾರಾದರೂ ಅದನ್ನು ನಕಲು ಮಾಡಿ ‘ಮೌಲ್ಯಗಳನ್ನು ಮಾತ್ರ’ ಅಂಟಿಸಿದರೆ, ಅಥವಾ ಕಡತವನ್ನು csv ರೂಪದಲ್ಲಿ ಉಳಿಸಿದರೆ, ಸೂತ್ರ ಹೋಗಿ ಉತ್ತರ ಉಳಿಯುತ್ತದೆ. ಮಾದರಿಗಾಗಿ, ಇಂದಿನ xlsx ಕಡತದಲ್ಲಿ ಒಂದೇ ಕೋಶದ ಮೊದಲಿನ ರೂಪ ಮತ್ತು ನಂತರದ ರೂಪ ಹೀಗಿರುತ್ತವೆ:

```
<c r="L51"><f>AVERAGE(L30:L44)</f><v>-0.0714</v></c>
<c r="L51"><v>-0.0714</v></c>
```

ಎರಡನೆಯ ಸಾಲಿನಲ್ಲಿರುವ ಸಂಖ್ಯೆ ಲೆಕ್ಕದಿಂದ ಬಂದದ್ದೋ, ಕೈಯಿಂದ ಬರೆದದ್ದೋ ಎಂಬ ಗುರುತೂ ಉಳಿದಿಲ್ಲ. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಇನ್ನು ಆ ಕಡತದಲ್ಲಿದ್ದ ಅಂಕಿಗಳಿಗೆ ಬರಬಹುದು. ಶೇ 90ಕ್ಕಿಂತ ಹೆಚ್ಚಿನ ಸಾಲದ ಅಂಕಣದಲ್ಲಿ ಎಂಟು ದೇಶಗಳ ಎದುರು ಮಾತ್ರ ಸಂಖ್ಯೆಗಳಿದ್ದವು: ಅಮೆರಿಕ −2.0, ಬ್ರಿಟನ್ 2.4, ನ್ಯೂಜಿಲೆಂಡ್ −7.9, ಜಪಾನ್ 0.7, ಇಟಲಿ 1.0, ಐರ್ಲೆಂಡ್ 2.4, ಗ್ರೀಸ್ 2.9, ಬೆಲ್ಜಿಯಂ 2.6. ಉಳಿದ ಹನ್ನೆರಡು ದೇಶಗಳ ಸಾಲಿನಲ್ಲಿ ಸಂಖ್ಯೆ ಇರಲಿಲ್ಲ. ಕೆಳಗೆ ಸರಾಸರಿ −0.1. ಸೂತ್ರವನ್ನು ಕಾಣದವರು ಇಷ್ಟರಿಂದಲೇ ಎಲ್ಲಿಯವರೆಗೆ ಹೋಗಬಹುದು?

ಮೊದಲ ಹೆಜ್ಜೆ ಗಟ್ಟಿಯಾದದ್ದು. ಎಂಟೂ ಸಂಖ್ಯೆಗಳ ಮೊತ್ತ 2.1, ಎಂಟರಿಂದ ಭಾಗಿಸಿದರೆ ಸುಮಾರು 0.26. ಅಲ್ಲಿ ಬರೆದಿರುವುದು −0.1. ಎಂಟು ಸಂಖ್ಯೆಗಳಲ್ಲಿ ಪ್ರತಿಯೊಂದೂ ಒಂದು ದಶಮಾಂಶಕ್ಕೆ ಕಡಿದದ್ದು ಎಂದುಕೊಂಡರೂ ಸರಾಸರಿ 0.05ಕ್ಕಿಂತ ಹೆಚ್ಚು ಅತ್ತಿತ್ತ ಸರಿಯಲಾರದು. ಆದ್ದರಿಂದ ಅದು ಈ ಎಂಟು ಅಂಕಿಗಳ ಸರಳ ಸರಾಸರಿ ಅಲ್ಲವೆಂದು ನಿಸ್ಸಂಶಯವಾಗಿ ಹೇಳಬಹುದು. ಬರಿಯ ಅಂಕಿಗಳಿಗೆ ಇರುವ ದೊಡ್ಡ ಶಕ್ತಿ ಇದೇ: ‘ಹೀಗೆ ಲೆಕ್ಕ ಹಾಕಿದ್ದೇವೆ’ ಎಂಬ ಹೇಳಿಕೆಯನ್ನು ಅವು ಸುಳ್ಳೆಂದು ತೋರಿಸಬಲ್ಲವು.

ಎರಡನೆಯ ಹೆಜ್ಜೆಯಲ್ಲಿ ನೆಲ ಜಾರತೊಡಗುತ್ತದೆ. ಯಾವುದೋ ಒಂದು ದೇಶ ಬಿಟ್ಟುಹೋಗಿದೆ ಎಂದು ಊಹಿಸೋಣ. ಬೆಲ್ಜಿಯಂ ಬಿಟ್ಟರೆ ಮೊತ್ತ −0.5, ಏಳರಿಂದ ಭಾಗಿಸಿದರೆ −0.07. ಕಡಿದರೆ −0.1. ಸರಿಹೊಂದಿತು. ಆದರೆ ಗ್ರೀಸನ್ನು ಬಿಟ್ಟು ನೋಡಿದರೆ ಮೊತ್ತ −0.8, ಏಳರಿಂದ ಭಾಗಿಸಿದರೆ −0.11. ಕಡಿದರೆ ಅದೂ −0.1! ಸಾಲದ ಬಿಕ್ಕಟ್ಟಿಗೆ ಹೆಸರಾದ ಗ್ರೀಸನ್ನು ಲೆಕ್ಕದಿಂದ ತೆಗೆದಿದ್ದಾರೆಂದು ಯಾರಾದರೂ ವಾದಿಸಿದ್ದರೆ ಆ ಅಂಕಿ ಅವರನ್ನೂ ತಡೆಯುತ್ತಿರಲಿಲ್ಲ. ಒಂದು ಉತ್ತರಕ್ಕೆ ಹೊಂದುವ ಲೆಕ್ಕಗಳು ಹಲವಿರಬಹುದು. ಹೊಂದುತ್ತದೆ ಎಂಬುದು ಹಾಗೆಯೇ ನಡೆಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಇಲ್ಲಿ ಕಾಣುವ ಅಂಕಿಗೂ ಉಳಿಸಿಟ್ಟ ಅಂಕಿಗೂ ಇರುವ ಅಂತರ ಉಪಯೋಗಕ್ಕೆ ಬರುತ್ತದೆ. ತೆರೆಯ ಮೇಲೆ −0.1 ಎಂದಿದ್ದರೂ ಕಡತದೊಳಗೆ ಸುಮಾರು ಹದಿನೈದು ಅಂಕೆಗಳವರೆಗಿನ ಪೂರ್ಣ ಸಂಖ್ಯೆ ಇರಬಹುದು. ಎಲ್ಲ ಕೋಶಗಳಲ್ಲೂ ಅಂಥ ಪೂರ್ಣ ಸಂಖ್ಯೆಗಳಿದ್ದರೆ ಬೆಲ್ಜಿಯಂ ಮತ್ತು ಗ್ರೀಸ್‌ಗಳ ನಡುವೆ ತೀರ್ಮಾನಿಸುವುದು ಸುಲಭ, ಏಕೆಂದರೆ ಹದಿನೈದು ಅಂಕೆಗಳು ಆಕಸ್ಮಿಕವಾಗಿ ಹೊಂದುವುದು ತೀರಾ ಅಪರೂಪ. ಅಚ್ಚಾದ ಕೋಷ್ಟಕದಲ್ಲಿ, ಪಿಡಿಎಫ್‌ನಲ್ಲಿ, ಕಡಿದು ಅಂಟಿಸಿದ ಸಂಖ್ಯೆಗಳಲ್ಲಿ ಈ ಅವಕಾಶ ಇರುವುದಿಲ್ಲ. ಸೂತ್ರವಿಲ್ಲದ ಕಡತ ಕೈಗೆ ಬಂದಾಗ ಮೊದಲು ಕೋಶದ ಮೇಲೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯಲ್ಲಿ ಎಷ್ಟು ದಶಮಾಂಶಗಳು ಕಾಣುತ್ತವೆ ಎಂದು ನೋಡಬೇಕಾದದ್ದು ಇದಕ್ಕಾಗಿ.

ಮೂರನೆಯ ಹೆಜ್ಜೆಯಲ್ಲಿ ಅಂಕಿಗಳು ಪೂರ್ತಿ ಮೌನವಾಗುತ್ತವೆ. ಬೆಲ್ಜಿಯಂ ಬಿಟ್ಟುಹೋದದ್ದು ಖಚಿತವೆಂದೇ ಇಟ್ಟುಕೊಳ್ಳೋಣ. ಏಕೆ ಬಿಟ್ಟುಹೋಯಿತು? ದತ್ತಾಂಶ ಸರಿಯಿಲ್ಲವೆಂದು ಬಿಟ್ಟರೇ, ಬೇಕೆಂದೇ ಬಿಟ್ಟರೇ, ಕೈತಪ್ಪೇ? ಉಳಿದ ಅಂಕಿ ಮೂರಕ್ಕೂ ಒಂದೇ. ಇದಕ್ಕೆ ಬೆಳಕು ಬಂದದ್ದು ಸೂತ್ರದಿಂದ:

```
=AVERAGE(L30:L44)
```

ದೇಶಗಳು 30ರಿಂದ 49ರವರೆಗಿನ ಸಾಲುಗಳಲ್ಲಿ ಇಂಗ್ಲಿಷ್ ಅಕ್ಷರಕ್ರಮಕ್ಕೆ ಹಿಂದುಮುಂದಾಗಿ ಕುಳಿತಿದ್ದವು. ಸೂತ್ರ 44ರಲ್ಲೇ ನಿಂತಿತ್ತು. ಹೊರಗುಳಿದದ್ದು ಬೆಲ್ಜಿಯಂ ಒಂದೇ ಅಲ್ಲ. ಡೆನ್ಮಾರ್ಕ್, ಕೆನಡಾ, ಬೆಲ್ಜಿಯಂ, ಆಸ್ಟ್ರಿಯಾ, ಆಸ್ಟ್ರೇಲಿಯಾ, ಹೀಗೆ ಸಾಲಿನ ಕೊನೆಯ ಐದೂ. ಉಳಿದ ನಾಲ್ಕರ ಎದುರು ಈ ಅಂಕಣದಲ್ಲಿ ಸಂಖ್ಯೆಯೇ ಇರಲಿಲ್ಲ. AVERAGE ಖಾಲಿ ಕೋಶಗಳನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆ ನಾಲ್ಕು ಹೊರಗಿದ್ದರೂ ಒಳಗಿದ್ದರೂ ಈ ಉತ್ತರ ಒಂದೇ. ಅವು ಹೊರಗುಳಿದ ಸಂಗತಿಯನ್ನು ಈ ಅಂಕಣದ ಅಂಕಿಗಳನ್ನು ಎಷ್ಟು ಅರೆದರೂ ಹಿಂಡಿ ತೆಗೆಯಲಾಗದು. ಬೆಲ್ಜಿಯಂ ಒಂದನ್ನೇ ಆರಿಸಿ ತೆಗೆದಂತೆ ಅಂಕಿ ತೋರಿಸುತ್ತಿತ್ತು. ಐದು ಸಾಲು ಮೊದಲೇ ಎಳೆತ ನಿಂತುಹೋದಂತೆ ಸೂತ್ರ ತೋರಿಸಿತು. ಮೊದಲನೆಯದು ಸಂಚಿನ ಶಂಕೆಗೆ ದಾರಿ, ಎರಡನೆಯದು ಕೈತಪ್ಪಿನ ಲಕ್ಷಣ. ಲೇಖಕರೂ ಇದು ತಪ್ಪೆಂದು ಒಪ್ಪಿಕೊಂಡರು.

ಹಾಗಾದರೆ ಸೂತ್ರ ಸಿಕ್ಕರೆ ಎಲ್ಲವೂ ಸಿಕ್ಕಿತೇ? ಇಲ್ಲ. ಈ ಪ್ರಕರಣದಲ್ಲಿ ಪ್ರಗತಿಪರ ವಲಯವೇ ಹೆಚ್ಚಾಗಿ ಎಡವಿದ್ದು ಇಲ್ಲಿ. ‘ಒಂದು ಎಕ್ಸೆಲ್ ತಪ್ಪು ಯುರೋಪನ್ನು ಹಸಿವಿಗೆ ದೂಡಿತು’ ಎಂಬ ಮಾತು ಆಕರ್ಷಕವಾಗಿತ್ತು. ಆದರೆ ಆ ಸೂತ್ರದ ತಪ್ಪು ಬದಲಿಸಿದ್ದು 0.3ರಷ್ಟು ಮಾತ್ರ: −0.1 ಇದ್ದದ್ದು 0.3ರ ಹತ್ತಿರ ಬರುತ್ತಿತ್ತು. ಹರ್ನ್‌ಡನ್ ಮತ್ತು ಸಂಗಡಿಗರು ತಲುಪಿದ ಅಂಕಿ 2.2. ದೊಡ್ಡ ಅಂತರ ಬೇರೆ ಎರಡು ಕಡೆಯಿಂದ ಬಂದಿತ್ತು.

ಒಂದು, ಬಿಟ್ಟ ವರ್ಷಗಳು. ನ್ಯೂಜಿಲೆಂಡಿನ ಸಾಲ ಶೇ 90ನ್ನು ಮೀರಿದ್ದ ಐದು ವರ್ಷಗಳಲ್ಲಿ 1946ರಿಂದ 1949ರವರೆಗಿನ ನಾಲ್ಕು ಲೆಕ್ಕಕ್ಕೆ ಬರದೆ 1951 ಒಂದೇ ಉಳಿದಿತ್ತು. ಆ ವರ್ಷದ ಬೆಳವಣಿಗೆ −7.6. ಐದೂ ವರ್ಷ ಸೇರಿಸಿದರೆ ಸರಾಸರಿ 2.6. ಆಸ್ಟ್ರೇಲಿಯಾ, ಕೆನಡಾಗಳ ಯುದ್ಧೋತ್ತರ ವರ್ಷಗಳೂ ಹೀಗೆಯೇ ಹೊರಗಿದ್ದವು. ಇನ್ನೊಂದು, ತೂಕ. ಮೊದಲು ದೇಶದ ಸರಾಸರಿ, ಬಳಿಕ ದೇಶಗಳ ಸರಾಸರಿ ತೆಗೆದದ್ದರಿಂದ ಬ್ರಿಟನ್ನಿನ ಹತ್ತೊಂಬತ್ತು ವರ್ಷಗಳಿಗೂ ನ್ಯೂಜಿಲೆಂಡಿನ ಒಂದೇ ವರ್ಷಕ್ಕೂ ಸಮಾನ ಸ್ಥಾನ ದೊರೆಯಿತು.

ಇವೆರಡರಲ್ಲಿ ತೂಕ ಹಾಕುವ ಬಗೆ ಸೂತ್ರದಲ್ಲಿ ಕಾಣುತ್ತದೆ, ಆದರೆ ಅದು ಸರಿಯೇ ಎಂದು ಸೂತ್ರ ಹೇಳುವುದಿಲ್ಲ. ಅದು ವಾದಿಸಿ ತೀರ್ಮಾನಿಸಬೇಕಾದ ಆಯ್ಕೆ. ವರ್ಷಗಳನ್ನು ಏಕೆ ಬಿಟ್ಟರು ಎಂಬುದಂತೂ ಯಾವ ಕೋಶದಲ್ಲೂ ಬರೆದಿರುವುದಿಲ್ಲ. ಇನ್ನು ನ್ಯೂಜಿಲೆಂಡಿನ ಎದುರಿದ್ದ −7.9, ನಿಜವಾಗಿ −7.6 ಆಗಬೇಕಿದ್ದದ್ದು, ನಕಲು ಮಾಡುವಾಗ ಆದ ತಪ್ಪು. ಮೂಲದೊಂದಿಗೆ ಹೋಲಿಸಿದವರಿಗೆ ಮಾತ್ರ ಅದು ಕಂಡೀತು. ಸೂತ್ರಗಳಿರುವ ಕಡತದಲ್ಲೂ ಹೀಗೆ ಬರಿಯ ಅಂಕಿಯಾಗಿ ಕುಳಿತ ಕೋಶಗಳಿರುತ್ತವೆ. ಎಕ್ಸೆಲ್‌ನಲ್ಲಿ `Ctrl` ಮತ್ತು `` ` `` ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಾಳೆ ಸೂತ್ರಗಳನ್ನು ತೋರಿಸುತ್ತದೆ; ಸೂತ್ರಗಳ ಸಾಲಿನ ನಡುವೆ ಎಲ್ಲಿ ಬರಿಯ ಸಂಖ್ಯೆ ಉಳಿಯುತ್ತದೋ ಅಲ್ಲಿ ಅದರ ಮೂಲವನ್ನು ಕೇಳಬೇಕು.

ರೈನ್‌ಹಾರ್ಟ್ ಮತ್ತು ರೋಗಾಫ್ ಉಳಿದ ಟೀಕೆಗಳನ್ನು ಒಪ್ಪಲಿಲ್ಲ. ಹೆಚ್ಚು ಸಾಲದ ವರ್ಷಗಳಲ್ಲಿ ಬೆಳವಣಿಗೆ ಕಡಿಮೆಯೇ ಎಂದರು. ವಿಮರ್ಶಕರ ಲೆಕ್ಕದಲ್ಲೂ ಶೇ 60ರಿಂದ 90ರ ಗುಂಪಿನಲ್ಲಿ ಅದು 3.2, ಅದಕ್ಕಿಂತ ಮೇಲೆ 2.2. ಕುಸಿದುಬಿದ್ದದ್ದು ಶೇ 90ರಲ್ಲಿ ಒಂದು ಪ್ರಪಾತವಿದೆ ಎಂಬ ಚಿತ್ರ. ಸಾಲದಿಂದ ಬೆಳವಣಿಗೆ ಕುಗ್ಗಿತೋ, ಬೆಳವಣಿಗೆ ಕುಗ್ಗಿದ್ದರಿಂದ ಸಾಲ ಏರಿತೋ ಎಂಬುದಕ್ಕೆ ಎರಡೂ ಸರಾಸರಿಗಳಲ್ಲಿ ಉತ್ತರವಿಲ್ಲ.

ಆದ್ದರಿಂದ ಸರ್ಕಾರವಾಗಲಿ, ಸಂಸ್ಥೆಯಾಗಲಿ, ಸ್ವಂತ ಸಂಘವೇ ಆಗಲಿ, ಮೌಲ್ಯಗಳು ಮಾತ್ರ ಉಳಿದ ಹಾಳೆಯನ್ನು ಮುಂದಿಟ್ಟಾಗ ಆಡಬಹುದಾದ ಮಾತುಗಳಿಗೆ ಒಂದು ಮೇರೆ ಇದೆ. ‘ಹೇಳಿದ ವಿಧಾನದಿಂದ ಈ ಉತ್ತರ ಬರುವುದಿಲ್ಲ’ ಎಂದು ಹೇಳಬಹುದು. ‘ಇಂಥ ಲೆಕ್ಕಕ್ಕೆ ಇದು ಹೊಂದುತ್ತದೆ, ಇನ್ನೊಂದಕ್ಕೂ ಹೊಂದುತ್ತದೆ’ ಎಂದು ಹೇಳಬಹುದು. ‘ಅವರು ಮಾಡಿದ್ದು ಇದೇ, ಬೇಕೆಂದೇ ಮಾಡಿದರು’ ಎನ್ನಲು ಆ ಹಾಳೆಯಲ್ಲಿ ಆಧಾರವಿಲ್ಲ. ಆಧಾರ ಬೇಕಿದ್ದರೆ ಸೂತ್ರಗಳಿರುವ ಕಡತವನ್ನೂ ಅದಕ್ಕೆ ಉಣಿಸಿದ ಮೂಲ ದತ್ತಾಂಶವನ್ನೂ ಕೇಳಬೇಕು. ಹರ್ನ್‌ಡನ್ ಕೇಳಿದ್ದರು, ಮತ್ತು, ಮರೆಯಬಾರದ ಮಾತೆಂದರೆ, ಆ ಲೇಖಕರು ಕೊಟ್ಟಿದ್ದರು.